ಫೈನಲ್ ಇಯರ್ ಪರೀಕ್ಷೆ, ದಿನಾ ಫುಟ್‌ಬಾಲ್ ಪ್ರಾಕ್ಟೀಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಬಿ.ಕಾಂ. ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆ ಬಿಡಿಎಫ್‌ಎ ನಡೆಸುವ ಲೀಗಿನ ಕೆಳಗಿನ ಡಿವಿಜನ್‌ನಲ್ಲಿ ಆಡುವ ಒಂದು ಸಣ್ಣ ಕ್ಲಬ್ಬಿಗೆ ರೈಟ್ ಬ್ಯಾಕ್. ಐದನೇ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಬ್ಯಾಕ್ ಉಳಿಯಿತು, ಜೊತೆಗೆ ಕಾಲೂ ಉಳುಕಿತು. ಆಮೇಲೆ ಕೂತು ಈ ಪ್ಲಾನ್ ಮಾಡಿಕೊಂಡೆ. ಜೂನಿಯರ್‌ಗಳು, ಕ್ಲಬ್ಬಿನ ಹುಡುಗರು, ಅವರ ಅಮ್ಮಂದಿರು ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಪ್ರಾಕ್ಟೀಸ್ ಬರೀ ಒಂದೂವರೆ ಗಂಟೆ. ಅಷ್ಟಕ್ಕೆ ಪ್ಲಾನ್ ಯಾಕೆ ಬೇಕು?

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಗಡಿಯಾರ ನೋಡಿ ಲೆಕ್ಕ ಬರೆದೆ. 5:15ಕ್ಕೆ ಏಳುವುದು. 5:35ಕ್ಕೆ ಸ್ಕೂಟರ್ ತೆಗೆಯುವುದು. 6ರಿಂದ 7:30 ಗ್ರೌಂಡ್. ಶೂ ಬಿಚ್ಚಿ, ಸ್ಟಡ್ಸಿಗೆ ಮೆತ್ತಿದ ಕೆಂಪು ಮಣ್ಣನ್ನು ಕಡ್ಡಿಯಲ್ಲಿ ಕೆರೆದು, ಎರಡು ಮಾತಾಡಿ ಮನೆ ಸೇರುವಾಗ 7:50. ಸ್ನಾನ, ತಿಂಡಿ ಮುಗಿದಾಗ 8:30. ಅಂದರೆ ಒಂದೂವರೆ ಗಂಟೆಯ ಪ್ರಾಕ್ಟೀಸ್ ದಿನದಲ್ಲಿ ಮೂರೂಕಾಲು ಗಂಟೆ ತಿನ್ನುತ್ತದೆ.

ಇದು ದೂರು ಅಲ್ಲ. ಆದರೆ ಟೈಮ್‌ಟೇಬಲ್‌ನಲ್ಲಿ "6–7:30 ಫುಟ್‌ಬಾಲ್" ಅಂತ ಬರೆದು, 7:30ಕ್ಕೇ "ಓದು" ಅಂತ ಹಾಕಿದರೆ ಅದು ಮೊದಲ ದಿನವೇ ಸುಳ್ಳಾಗುತ್ತದೆ. ಎರಡನೇ ದಿನದಿಂದ ಟೈಮ್‌ಟೇಬಲ್ ಗೋಡೆಯ ಮೇಲೆ, ನಾವು ಹಾಸಿಗೆಯ ಮೇಲೆ.

ಹಾಗಾದರೆ ಓದೋದಕ್ಕೆ ಎಷ್ಟು ಉಳಿಯುತ್ತದೆ?

ಕಾಲೇಜು 9:30ರಿಂದ 2ರವರೆಗೆ. ಮನೆಗೆ ಬಂದಾಗ 3. ಊಟ, ಇಪ್ಪತ್ತು ನಿಮಿಷದ ನಿದ್ದೆ. 4ರಿಂದ 5:30 ಒಂದು ಪಟ್ಟು. 6:15ರಿಂದ 7:30 ಇನ್ನೊಂದು. ರಾತ್ರಿ ಊಟ ಆದ ಮೇಲೆ 8:30ರಿಂದ 9:15 ಕೊನೆಯದು. ಒಟ್ಟು ಮೂರೂವರೆ ಗಂಟೆ. 9:45ಕ್ಕೆ ಲೈಟ್ ಆಫ್. ಏಳೂವರೆ ಗಂಟೆ ನಿದ್ದೆ.

ಮೂರೂವರೆ ಗಂಟೆ ಕಮ್ಮಿ ಅನ್ನಿಸಬಹುದು. ದಿನಾ ಸಿಕ್ಕರೆ ಕಮ್ಮಿ ಅಲ್ಲ. ನನ್ನ ತೊಂದರೆ ಗಂಟೆಗಳ ಸಂಖ್ಯೆಯಲ್ಲಿ ಇರಲಿಲ್ಲ, ಯಾವ ಗಂಟೆಯಲ್ಲಿ ಯಾವುದನ್ನು ಓದುತ್ತಿದ್ದೆ ಅನ್ನೋದರಲ್ಲಿ ಇತ್ತು.

ಅಂದರೆ? ಓದು ಓದೇ ಅಲ್ವಾ?

ಅಲ್ಲ. ಬಿ.ಕಾಂ.ನವರಿಗೆ ಇದು ಬೇಗ ಅರ್ಥ ಆಗುತ್ತದೆ. ನಮ್ಮಲ್ಲಿ ಪ್ರಾಬ್ಲಮ್ ಪೇಪರ್ ಬೇರೆ, ಥಿಯರಿ ಪೇಪರ್ ಬೇರೆ. ಮ್ಯಾನೇಜ್‌ಮೆಂಟ್ ಅಕೌಂಟಿಂಗ್, ಇನ್‌ಕಮ್ ಟ್ಯಾಕ್ಸ್ ಪ್ರಾಬ್ಲಮ್ ಮಾಡುವಾಗ ಒಂದು ಹೆಜ್ಜೆ ತಪ್ಪಿದರೆ ಕೆಳಗಿನ ಎಲ್ಲ ಹೆಜ್ಜೆಯೂ ತಪ್ಪು. ಅದಕ್ಕೆ ತಾಜಾ ತಲೆ ಬೇಕು. ಥಿಯರಿಯಲ್ಲಿ ಸ್ವಲ್ಪ ಮಂಪರು ಇದ್ದರೂ ಹೇಗೋ ನಡೆಯುತ್ತದೆ.

ಹೋದ ಸಲ ನಾನು ಪ್ರಾಬ್ಲಮ್‌ಗಳನ್ನೆಲ್ಲ ರಾತ್ರಿ ಹತ್ತರ ಮೇಲೆ ಇಟ್ಟುಕೊಂಡಿದ್ದೆ. ಮನೆ ಶಾಂತ ಇರುತ್ತದೆ ಅನ್ನೋದು ಕಾರಣ. ಆಗಿದ್ದೇನು ಅಂದರೆ, ಬೆಳಗ್ಗೆ ಐದಕ್ಕೆ ಎದ್ದ ದೇಹ ಹತ್ತಕ್ಕೆ ಮಲಗಿ ಆಗಿರುತ್ತಿತ್ತು, ಕಣ್ಣು ಮಾತ್ರ ತೆರೆದಿರುತ್ತಿತ್ತು. ಗೈಡ್‌ನಲ್ಲಿ ಸಾಲ್ವ್ ಮಾಡಿದ ಪ್ರಾಬ್ಲಮ್ ನೋಡಿ "ಓ, ಹೀಗೆ" ಅಂತ ತಲೆ ಆಡಿಸುತ್ತಿದ್ದೆ. ನೋಡಿದ್ದು ಗೊತ್ತಿದೆ ಅನ್ನಿಸುತ್ತದೆ. ಪರೀಕ್ಷೆ ಹಾಲ್‌ನಲ್ಲಿ ಖಾಲಿ ಹಾಳೆ ಮುಂದೆ ಕೂತಾಗ ಮೊದಲ ಸಾಲೇ ಬರುವುದಿಲ್ಲ.

ಈಗ ನಾಲ್ಕರ ಪಟ್ಟು ಪೂರ್ತಿ ಪ್ರಾಬ್ಲಮ್‌ಗೆ. ನಿದ್ದೆ ಮಾಡಿ ಎದ್ದಿರುತ್ತೇನೆ, ಬೆಳಗಿನ ಆಯಾಸ ಅಷ್ಟೊತ್ತಿಗೆ ಇಳಿದಿರುತ್ತದೆ. ಸಂಜೆಯದು ಥಿಯರಿಗೆ. ರಾತ್ರಿಯ ಮುಕ್ಕಾಲು ಗಂಟೆಯಲ್ಲಿ ಹೊಸದೇನನ್ನೂ ಮುಟ್ಟುವುದಿಲ್ಲ. ಅದು ತಪ್ಪಿನ ನೋಟ್‌ಬುಕ್‌ಗೆ.

ತಪ್ಪಿನ ನೋಟ್‌ಬುಕ್ ಅಂದರೆ ಏನು?

ಒಂದು ಉದಾಹರಣೆ ಹೇಳುತ್ತೇನೆ. ಮಾರ್ಜಿನಲ್ ಕಾಸ್ಟಿಂಗ್ ಪ್ರಾಬ್ಲಮ್. ಒಂದು ವಸ್ತುವಿನ ಮಾರಾಟ ಬೆಲೆ 50 ರೂಪಾಯಿ, ವೇರಿಯಬಲ್ ಕಾಸ್ಟ್ 30, ಒಟ್ಟು ಫಿಕ್ಸೆಡ್ ಕಾಸ್ಟ್ 1,20,000. 50ರಲ್ಲಿ 30 ಕಳೆದರೆ ಕಾಂಟ್ರಿಬ್ಯೂಷನ್ 20 ರೂಪಾಯಿ. 1,20,000ವನ್ನು 20ರಿಂದ ಭಾಗಿಸಿದರೆ ಬ್ರೇಕ್ ಈವನ್ 6,000 ಯೂನಿಟ್, ರೂಪಾಯಿಯಲ್ಲಿ 3,00,000. ಇಷ್ಟು ಎಲ್ಲರಿಗೂ ಬರುತ್ತದೆ. ನಾನು ಎಡವಿದ್ದು ಇದರ ಅಣ್ಣನ ಹತ್ತಿರ. ಅಲ್ಲಿ ಓವರ್‌ಹೆಡ್ ಸ್ವಲ್ಪ ಫಿಕ್ಸೆಡ್, ಸ್ವಲ್ಪ ವೇರಿಯಬಲ್ ಅಂತ ಕೊಟ್ಟಿದ್ದರು. ನಾನು ಪೂರ್ತಿ ಫಿಕ್ಸೆಡ್‌ಗೆ ಸೇರಿಸಿಬಿಟ್ಟೆ. ಉತ್ತರ ಎಲ್ಲೋ ಹೋಯಿತು.

ನೋಟ್‌ಬುಕ್‌ನಲ್ಲಿ ಇಡೀ ಪ್ರಾಬ್ಲಮ್ ಬರೆಯುವುದಿಲ್ಲ. "ಓವರ್‌ಹೆಡ್ ನೋಡಿದ ಕೂಡಲೇ ಒಡೆಯಬೇಕಾ ಅಂತ ಕೇಳಿಕೋ" ಅಂತ ಒಂದೇ ಸಾಲು, ಪಕ್ಕದಲ್ಲಿ ತಾರೀಖು. ರಾತ್ರಿ ಪುಸ್ತಕ ಮುಚ್ಚಿ, ಇವತ್ತಿನ ತಪ್ಪುಗಳನ್ನು ನೆನಪಿನಿಂದ ಹೇಳಲು ಪ್ರಯತ್ನಿಸುತ್ತೇನೆ. ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಮರೆಯೋ ಹೊತ್ತಿಗೆ ಕಷ್ಟಪಟ್ಟು ನೆನಪಿಸಿಕೊಂಡರೆ ಅದು ನಿಲ್ಲುತ್ತದೆ. ಸುಮ್ನೆ ಮತ್ತೆ ಮತ್ತೆ ಓದಿದರೆ ಅಷ್ಟು ನಿಲ್ಲುವುದಿಲ್ಲ. ನೆನಪಿನ ಬಗ್ಗೆ ಸಂಶೋಧನೆ ಮಾಡಿದವರು ಇದನ್ನು ಎಷ್ಟೋ ಸಲ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಗ್ರೌಂಡಿನಲ್ಲೂ ಹಾಗೇ ಅಲ್ವಾ? ಕ್ರಾಸ್ ಹಾಕುವ ವಿಡಿಯೊ ನೂರು ಸಲ ನೋಡಿದರೂ ನನ್ನ ಕ್ರಾಸ್ ಗೋಲ್ ಹಿಂದೆಯೇ ಹೋಗುತ್ತದೆ.

ಬಸ್ಸಿನಲ್ಲಿ ಓದಬಹುದಾ?

ಓದಬೇಡಿ, ತಲೆ ಸುತ್ತುತ್ತದೆ. ನೆನಪಿಸಿಕೊಳ್ಳಿ. ನಲವತ್ತು ನಿಮಿಷದ ದಾರಿಯಲ್ಲಿ ನಿನ್ನೆಯ ಥಿಯರಿಯ ಐದು ಪಾಯಿಂಟ್ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ನಾಲ್ಕಕ್ಕೆ ನಿಂತರೆ ಐದನೆಯದು ಸಂಜೆಯ ಕೆಲಸ.

ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತದೆ ಅಂತಾರೆ. ಆ ಹೊತ್ತನ್ನೇ ಗ್ರೌಂಡಿಗೆ ಕೊಟ್ಟಿದ್ದೀರಲ್ಲ?

ನಮ್ಮಪ್ಪನೂ ಇದನ್ನೇ ಕೇಳುತ್ತಾರೆ. ಅವರು ನಾಲ್ಕಕ್ಕೆ ಎದ್ದು ಓದಿ ಪಾಸಾದವರು. ಆದರೆ ಅವರು ಎಂಟೂವರೆಗೆ ಮಲಗುತ್ತಿದ್ದರು ಅನ್ನೋದನ್ನು ಹೇಳುವುದಿಲ್ಲ. ಅದನ್ನು ಅಜ್ಜಿ ಹೇಳಿದರು.

ಬೆಳಗಿನ ಜಾವಕ್ಕೆ ಇರುವ ಶಕ್ತಿ ಅಂದರೆ ಚೆನ್ನಾಗಿ ನಿದ್ದೆ ಆದ ತಲೆ, ಗಲಾಟೆ ಇಲ್ಲದ ಮನೆ. ಇವೆರಡನ್ನು ಬೇರೆ ಹೊತ್ತಿನಲ್ಲೂ ಹೊಂದಿಸಿಕೊಳ್ಳಬಹುದು. ನಿದ್ದೆ ಕತ್ತರಿಸಿ ನಾಲ್ಕಕ್ಕೆ ಎದ್ದು ಓದಿ, ಆರಕ್ಕೆ ಗ್ರೌಂಡಿಗೆ ಹೋದರೆ ಎರಡೂ ಕೆಡುತ್ತವೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗಲೂ ನಿದ್ದೆ ಬೇಕು, ಕಾಲಿನ ಸ್ನಾಯು ರಿಪೇರಿಯಾಗಲೂ ನಿದ್ದೆ ಬೇಕು. ಅದಕ್ಕೇ ನನ್ನ ಪ್ಲಾನ್‌ನಲ್ಲಿ ಮೊದಲು ಬರೆದದ್ದು 9:45. ಉಳಿದ ಎಲ್ಲವನ್ನೂ ಅದರಿಂದ ಹಿಂದಕ್ಕೆ ಎಣಿಸಿ ಹಾಕಿದ್ದೇನೆ.

ಸಂಜೆ ಐದರ ಮೇಲೆ ಕಾಫಿ ಇಲ್ಲ. ಕುಡಿದ ಕೆಫೀನ್‌ನ ಅರ್ಧ ಭಾಗ ಐದಾರು ಗಂಟೆ ಆದರೂ ಮೈಯಲ್ಲೇ ಇರುತ್ತದೆ. ಇದೊಂದು ನಿಯಮಕ್ಕೆ ಅಮ್ಮನೇ ಅಡ್ಡಿ. ಓದುವ ಮಗನಿಗೆ ಕಾಫಿ ಕೊಡದೆ ಇರುವುದು ಅವರಿಗೆ ಆಗುವುದಿಲ್ಲ. ಈಗ ಬಾದಾಮಿ ಹಾಲಿಗೆ ಒಪ್ಪಂದ ಆಗಿದೆ.

ಪರೀಕ್ಷೆ ಹತ್ತಿರ ಬಂದಾಗ ಫುಟ್‌ಬಾಲ್ ಪೂರ್ತಿ ಬಿಟ್ಟುಬಿಡೋದು ಒಳ್ಳೆಯದಲ್ವಾ?

ಇದೇ ಎಲ್ಲರೂ ಜಾಸ್ತಿ ಕೇಳುವ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡು ಮೂರು ವಾರ ಪೂರ್ತಿ ಬಿಟ್ಟರೆ ದಮ್ಮು ಇಳಿಯಲು ಶುರುವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ವಾಪಸ್ ಬಂದ ಮೊದಲ ವಾರದಲ್ಲಿ. ಮನಸ್ಸು ಹಳೇ ಸ್ಪೀಡಿನಲ್ಲಿ ಓಡುತ್ತದೆ, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಓಡುವುದಿಲ್ಲ. ಹಾಗಂತ ಪೂರ್ತಿ ಪ್ರಾಕ್ಟೀಸ್ ಮಾಡಿದರೆ ಓದಿಗೆ ಹೊತ್ತು ಎಲ್ಲಿ?

ದೊಡ್ಡ ಪಂದ್ಯದ ಮುಂಚೆ ಆಟಗಾರರು ಮಾಡುವುದನ್ನೇ ಇಲ್ಲಿ ತಂದಿದ್ದೇನೆ. ಅವರು ಪ್ರಾಕ್ಟೀಸಿನ ನಿಮಿಷಗಳನ್ನು ಅರ್ಧದಷ್ಟು ಕಡಿಮೆ ಮಾಡುತ್ತಾರೆ, ಆದರೆ ವೇಗ ಕಡಿಮೆ ಮಾಡುವುದಿಲ್ಲ. ಸ್ವಲ್ಪ ಹೊತ್ತು, ಆದರೆ ಜೋರಾಗಿ. ಹಾಗೆ ಮಾಡಿದರೆ ಕೆಲವು ವಾರ ಫಿಟ್ನೆಸ್ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ.

ಎಷ್ಟು ಕಡಿಮೆಯಾಯಿತು ಅಂತ ಅಳೆಯಲು ಒಂದು ಸುಲಭದ ಲೆಕ್ಕ ಇದೆ. ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆ ಆದ ಮೇಲೆ, ಇವತ್ತು ಎಷ್ಟು ಕಷ್ಟ ಆಯಿತು ಅಂತ ಹತ್ತಕ್ಕೆ ಒಂದು ಅಂಕ ಕೊಡಿ. ಅದನ್ನು ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 6 ಅಂದರೆ 540. ಕೋಚ್‌ಗಳು ಇದನ್ನು ಲೋಡ್ ಅಂತಾರೆ. ಯಾವ ವಾಚೂ ಬೇಡ, ಪೆನ್ಸಿಲ್ ಸಾಕು.

ನನ್ನ ಮಾಮೂಲಿ ವಾರ ಹೀಗಿದೆ. ಸೋಮವಾರ ಹಗುರ, 40 ನಿಮಿಷಕ್ಕೆ 2, ಅಂದರೆ 80. ಮಂಗಳವಾರ 540. ಬುಧವಾರ 90 ನಿಮಿಷಕ್ಕೆ 7, 630. ಗುರುವಾರ 450, ಶುಕ್ರವಾರ 375. ಶನಿವಾರ ಮತ್ತೆ ಹಗುರ, 135. ಭಾನುವಾರ ಮ್ಯಾಚ್, 90 ನಿಮಿಷಕ್ಕೆ 8, 720. ಕೂಡಿದರೆ 2,930.

ಪರೀಕ್ಷೆ ವಾರದಲ್ಲಿ ಇದನ್ನು 1,155ಕ್ಕೆ ಇಳಿಸುತ್ತೇನೆ. ಸುಮಾರು ಶೇಕಡಾ 60 ಕಡಿತ.

ಆ 1,155 ಯಾವ ದಿನಗಳಲ್ಲಿ ಬರುತ್ತದೆ?

ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಪೇಪರ್ ಇದೆ ಅಂತ ಇಟ್ಟುಕೊಳ್ಳಿ. ಜೋರಾಗಿ ಆಡುವುದು ಪೇಪರ್ ಇರುವ ದಿನದ ಸಂಜೆಯೇ. 40 ನಿಮಿಷ, ಕಷ್ಟ 7, ಲೋಡ್ 280. ಮಧ್ಯದ ಮಂಗಳವಾರ, ಗುರುವಾರ ಬೆಳಗ್ಗೆ 30 ನಿಮಿಷ ನಿಧಾನ ಓಟ, 90. ಶನಿವಾರ 135. ಭಾನುವಾರ ಮ್ಯಾಚ್ ಆಡುವುದಿಲ್ಲ.

ಇದು ಉಲ್ಟಾ ಅನ್ನಿಸುತ್ತದೆ, ಗೊತ್ತು. ಪೇಪರ್ ಬರೆದು ಸುಸ್ತಾದ ದಿನವೇ ಯಾಕೆ? ಯಾಕೆಂದರೆ ಆ ಸಂಜೆ ಹೇಗಿದ್ದರೂ ಓದು ಸಾಗುವುದಿಲ್ಲ. ಎರಡೂವರೆ ಗಂಟೆ ಬರೆದು ಬಂದ ಮೇಲೆ ಮನೆಯಲ್ಲಿ ಕೂತರೆ ಕ್ವೆಶ್ಚನ್ ಪೇಪರ್ ಹಿಡಿದು ಅಂಕ ಎಣಿಸುವುದೇ ಕೆಲಸ. ಗ್ರೂಪಿನಲ್ಲಿ ಯಾರೋ ಒಬ್ಬ "ಆರನೇ ಪ್ರಶ್ನೆಗೆ ಎಷ್ಟು ಬಂತು?" ಅಂತ ಹಾಕುತ್ತಾನೆ, ಅಲ್ಲಿಗೆ ಮುಗಿಯಿತು. ಆ ಸಂಜೆಯನ್ನು ಗ್ರೌಂಡಿಗೆ ಕೊಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಮಾರನೇ ದಿನ ಪೂರ್ತಿ ಓದಿಗೆ ಸಿಗುತ್ತದೆ.

ಒಂದು ಎಚ್ಚರ ಬೇಕು. ತಲೆ ದಣಿದಾಗ ಪಾಸ್ ತಪ್ಪುತ್ತದೆ, ನಿರ್ಧಾರ ತಡವಾಗುತ್ತದೆ, ಅದೇ ಓಟ ಜಾಸ್ತಿ ಕಷ್ಟ ಅನ್ನಿಸುತ್ತದೆ. ಹಾಗಾಗಿ ಆ 40 ನಿಮಿಷದಲ್ಲಿ ಟ್ಯಾಕಲ್ ಇರುವ ಆಟ ಆಡುವುದಿಲ್ಲ. ವಾರ್ಮ್ ಅಪ್, ಆರೇಳು ಸ್ಪ್ರಿಂಟ್, ಆಮೇಲೆ ಗೋಡೆಗೆ ಚೆಂಡು ಹೊಡೆದು ಮೊದಲ ಟಚ್. ಅಷ್ಟೇ. ಯಾರಿಗೆ ಬೇಕಾದರೂ ಸಿಗಬಹುದಾದ ಐವತ್ತು-ಐವತ್ತು ಚೆಂಡಿಗೆ ಕಾಲು ಹಾಕುವ ದಿನ ಅದಲ್ಲ.

ಇದೆಲ್ಲ ಇಷ್ಟು ಲೆಕ್ಕ ಹಾಕೋ ಅಗತ್ಯ ನಿಜವಾಗಿ ಇದೆಯಾ?

ಐದನೇ ಸೆಮಿಸ್ಟರ್‌ನಲ್ಲಿ ನಾನು ಲೆಕ್ಕ ಹಾಕಲಿಲ್ಲ. ಹತ್ತು ದಿನ ರಾತ್ರಿ ಹನ್ನೆರಡೂವರೆವರೆಗೆ ಓದಿ, ಬೆಳಗ್ಗೆ 5:15ಕ್ಕೇ ಎದ್ದೆ. ಐದು ಗಂಟೆಯೂ ನಿದ್ದೆ ಇಲ್ಲ. ಒಂಬತ್ತನೇ ದಿನ ಯಾರೂ ಮುಟ್ಟದೆ, ಬರೀ ತಿರುಗುವಾಗ ಬಲಗಾಲು ಉಳುಕಿತು. ಮೂರನೇ ಮಹಡಿಯ ಪರೀಕ್ಷೆ ಹಾಲಿಗೆ ಮೆಟ್ಟಿಲ ಕಂಬಿ ಹಿಡಿದು ಹತ್ತಿದೆ. ಬ್ಯಾಕ್ ಉಳಿದದ್ದು ಅದೇ ವಾರದ ಕಾಸ್ಟ್ ಅಕೌಂಟಿಂಗ್.

ಒಬ್ಬನಿಗೆ ಆದದ್ದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ನೋಡಿದೆ. ಪರೀಕ್ಷೆ ಇದ್ದ ವಾರಗಳಲ್ಲಿ ಅವರಿಗೆ ಗಾಯ ಜಾಸ್ತಿ ಆಗಿತ್ತು. ಅವರ ಆಟ ಬೇರೆ, ದೇಹ ಬೇರೆ. ಆದರೂ ಪರೀಕ್ಷೆಯ ಒತ್ತಡ ಕಾಲಿಗೂ ಬರುತ್ತದೆ ಅನ್ನೋದು ಓದಿ ನನಗೆ ಆಶ್ಚರ್ಯ ಆಗಲಿಲ್ಲ.

ಓವರ್ ಆಗ್ತಿದೆ ಅಂತ ಮೊದಲೇ ಹೇಗೆ ಗೊತ್ತಾಗುತ್ತದೆ?

ಮೇಲೆ ಹೇಳಿದ ಕಷ್ಟದ ಅಂಕವೇ ಹೇಳುತ್ತದೆ. ದಿನಾ 3 ಕೊಡುವ ವಾರ್ಮ್ ಅಪ್‌ಗೆ ಇವತ್ತು 5 ಕೊಡಬೇಕು ಅನ್ನಿಸಿದರೆ ಅದು ಮೊದಲ ಎಚ್ಚರಿಕೆ ಗಂಟೆ. ಸಂಜೆ ಒಂದೇ ಪ್ಯಾರಾವನ್ನು ಮೂರನೇ ಸಲ ಓದುತ್ತಿದ್ದರೆ ಎರಡನೇ ಗಂಟೆ. ಎರಡೂ ಒಂದೇ ದಿನ ಬಾರಿಸಿದರೆ ಆ ರಾತ್ರಿ ಪುಸ್ತಕ ಮುಚ್ಚಿ ಒಂಬತ್ತಕ್ಕೇ ಮಲಗುತ್ತೇನೆ, ಮಾರನೇ ಬೆಳಗ್ಗೆ ಗ್ರೌಂಡಿಗೆ ಹೋದರೂ ಹಗುರ ಓಟ ಮಾತ್ರ. ಮೊಂಡುತನ ಮಾಡಿದ ದಿನ ನಷ್ಟವೇ ಆಗಿದೆ.

ವಾರ್ಮ್ ಅಪ್ ಮಾತ್ರ ಯಾವತ್ತೂ ಕತ್ತರಿಸಬೇಡಿ. ಹೊತ್ತು ಕಮ್ಮಿ ಅಂದ ಕೂಡಲೇ ಎಲ್ಲರೂ ಮೊದಲು ಬಿಡುವುದು ಅದನ್ನೇ. ನಾವು ಫಿಫಾ 11+ ಮಾಡುತ್ತೇವೆ. ಇಪ್ಪತ್ತು ನಿಮಿಷದ್ದು: ಓಟ, ಆಮೇಲೆ ಬಲ ಮತ್ತು ಬ್ಯಾಲೆನ್ಸಿನ ವ್ಯಾಯಾಮ, ಕೊನೆಗೆ ಜೋರು ಓಟ. ಗಾಯ ಕಮ್ಮಿ ಮಾಡಲೆಂದೇ ಮಾಡಿದ ಕ್ರಮ ಅದು. ಹೊತ್ತು ಇಲ್ಲದಿದ್ದರೆ ಆಟ ಕತ್ತರಿಸುತ್ತೇನೆ, ಅದನ್ನಲ್ಲ.

ಕೋಚ್ ಒಪ್ಪದಿದ್ದರೆ?

ನಾನು ತಪ್ಪು ಮಾಡಿದ್ದು ಹಿಂದಿನ ದಿನ ಹೋಗಿ ಹೇಳಿದ್ದು. "ಸರ್, ನಾಳೆಯಿಂದ ಎಕ್ಸಾಮ್, ಬರಲ್ಲ" ಅಂದೆ. "ನಿಮ್ಮದೆಲ್ಲ ಇದೇ ಆಯ್ತಲ್ಲಪ್ಪ" ಅಂದರು. ಬೈದದ್ದು ಸರಿಯೇ ಇತ್ತು. ಭಾನುವಾರಕ್ಕೆ ರೈಟ್ ಬ್ಯಾಕ್ ಇಲ್ಲ ಅಂದರೆ ಅವರು ಏನು ಮಾಡಬೇಕು?

ಈ ಸಲ ಟೈಮ್‌ಟೇಬಲ್ ಬಂದ ದಿನವೇ ಒಂದು ಹಾಳೆಯಲ್ಲಿ ಪೇಪರ್ ತಾರೀಖು, ನಾನು ಬರುವ ದಿನ, ಎಷ್ಟು ನಿಮಿಷ ಅಂತ ಬರೆದು ಕೊಟ್ಟೆ. "ಬರಲ್ಲ" ಅನ್ನುವುದರ ಬದಲು "ಇಷ್ಟು ಬರ್ತೀನಿ ಸರ್" ಅಂದೆ. ಅವರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು, "ಆ ಎರಡು ಭಾನುವಾರ ಚಿಕ್ಕ ಹುಡುಗನ್ನ ಆಡಿಸ್ತೀನಿ, ಅವನಿಗೂ ಚಾನ್ಸ್ ಸಿಗ್ಲಿ" ಅಂದರು. ಆ ಚಿಕ್ಕ ಹುಡುಗ ಚೆನ್ನಾಗಿ ಆಡುತ್ತಾನೆ. ಅದೊಂದು ಬೇರೆ ಚಿಂತೆ.

ಅಟೆಂಡೆನ್ಸ್?

ನಮ್ಮಲ್ಲಿ ಶೇಕಡಾ 75 ಬೇಕು. ಕಾಲೇಜು ಅಥವಾ ಯೂನಿವರ್ಸಿಟಿ ಟೀಮಿಗೆ ಆಡಲು ಹೋದರೆ ಕ್ರೀಡೆ ನೋಡಿಕೊಳ್ಳುವ ಪಿ.ಡಿ. ಸರ್ ಪತ್ರ ಕೊಡುತ್ತಾರೆ, ಆ ದಿನ ಲೆಕ್ಕಕ್ಕೆ ಬರುತ್ತದೆ. ಕ್ಲಬ್ ಪ್ರಾಕ್ಟೀಸಿಗೆ ಬರುವುದಿಲ್ಲ. ಪತ್ರವನ್ನು ಆ ವಾರವೇ ಕೊಡಿ, ಸೆಮಿಸ್ಟರ್ ಕೊನೆಗೆ ಹುಡುಕಬೇಡಿ.

ಊಟ ತಿಂಡಿ?

ಗ್ರೌಂಡಿಗೆ ಮುಂಚೆ ಒಂದು ಬಾಳೆಹಣ್ಣು, ನೀರು. ಬಂದ ಮೇಲೆ ಇಡ್ಲಿಯೋ ಉಪ್ಪಿಟ್ಟೋ, ಜೊತೆಗೆ ಎರಡು ಮೊಟ್ಟೆ. ಮಧ್ಯಾಹ್ನ ಮುದ್ದೆ ಒಂದೇ. ಎರಡು ತಿಂದ ದಿನ ಇಪ್ಪತ್ತು ನಿಮಿಷದ ನಿದ್ದೆ ಒಂದೂವರೆ ಗಂಟೆ ಆಗಿದೆ.

ಪ್ಲಾನ್‌ನಲ್ಲಿ ಯಾವುದು ಕೈಕೊಟ್ಟಿತು?

ಭಾನುವಾರ. ಕಾಲೇಜು ಇಲ್ಲ, ಆರು ಗಂಟೆ ಓದಬಹುದು ಅಂತ ಬರೆದಿದ್ದೆ. ಮ್ಯಾಚ್ ಆಡಿ ಬಂದು, ಊಟ ಮಾಡಿ, ಪುಸ್ತಕ ತೆರೆದರೆ ಕಾಲು ಜುಮ್ಮೆನ್ನುತ್ತಿತ್ತು, ತಲೆ ಮ್ಯಾಚ್‌ನಲ್ಲೇ ಇರುತ್ತಿತ್ತು. ಮೂರು ಭಾನುವಾರ ಹಾಗೇ ಹೋಯಿತು.

ಈಗ ವಾರದ ದೊಡ್ಡ ಕೆಲಸ ಶನಿವಾರಕ್ಕೆ ಬಂದಿದೆ. ಆ ದಿನ ಪ್ರಾಕ್ಟೀಸ್ ಹಗುರ, ಕಾಲೇಜು ಬೇಗ ಮುಗಿಯುತ್ತದೆ. ಹಳೇ ಕ್ವೆಶ್ಚನ್ ಪೇಪರ್ ತೆಗೆದು, ಫೋನ್ ಅಮ್ಮನ ಕೈಗೆ ಕೊಟ್ಟು, ಎರಡೂವರೆ ಗಂಟೆ ಪೂರ್ತಿ ಬರೆಯುತ್ತೇನೆ. 60 ಅಂಕಕ್ಕೆ 150 ನಿಮಿಷ, ಅಂದರೆ ಅಂಕಕ್ಕೆ ಎರಡೂವರೆ ನಿಮಿಷ. 12 ಅಂಕದ ಪ್ರಾಬ್ಲಮ್ ಅರ್ಧ ಗಂಟೆ ದಾಟಿದರೆ ಅಲ್ಲೇ ಬಿಟ್ಟು ಮುಂದಕ್ಕೆ. ಮೊದಲ ಶನಿವಾರ ಕೊನೆಯ ಎರಡು ಪ್ರಶ್ನೆಗೆ ಟೈಮೇ ಸಿಗಲಿಲ್ಲ. ನಾಲ್ಕನೇ ಶನಿವಾರ ಎಂಟು ನಿಮಿಷ ಉಳಿಯಿತು. ಭಾನುವಾರಕ್ಕೆ ಈಗ ತಪ್ಪಿನ ನೋಟ್‌ಬುಕ್ ಮಾತ್ರ.

ಸ್ಟಡಿ ಹಾಲಿಡೇಸ್‌ನಲ್ಲಿ ಎರಡು ಹೊತ್ತು ಪ್ರಾಕ್ಟೀಸ್ ಮಾಡಬಹುದಾ?

ಬೇಡ. ಕಾಲೇಜು ಇಲ್ಲ ಅಂತ ಸಂಜೆಯೂ ಹೋಗಬೇಕು ಅನ್ನಿಸುತ್ತದೆ. ಲೋಡ್ ಇಳಿಯಬೇಕಾದ ವಾರ ಅದು. ನಾನು ಆ ವಾರ ನಿಮಿಷ ಕತ್ತರಿಸಿ 2,000ದ ಆಸುಪಾಸು ಇಡುತ್ತೇನೆ, ಮುಂದಿನ ವಾರ 1,155.

ಇಂಜಿನಿಯರಿಂಗ್‌ನವರಿಗೆ, ಸಂಜೆ ಪ್ರಾಕ್ಟೀಸ್ ಇರುವವರಿಗೆ ಇದು ಆಗುತ್ತದಾ?

ಹೊತ್ತುಗಳು ಹಾಗೇ ಆಗುವುದಿಲ್ಲ. ಪ್ರಾಜೆಕ್ಟ್, ಲ್ಯಾಬ್ ಇರುವವರಿಗೆ ನಾಲ್ಕು ಗಂಟೆಗೆ ಮನೆ ಕಾಣುವುದೇ ಇಲ್ಲ. ಸಂಜೆ ಏಳಕ್ಕೆ ಪ್ರಾಕ್ಟೀಸ್ ಮುಗಿಸುವವರು ರಾತ್ರಿ ಪ್ರಾಬ್ಲಮ್ ಹಿಡಿಯುವ ಬದಲು ಬೇಗ ಮಲಗಿ ಬೆಳಗ್ಗೆ ಹಿಡಿಯಲಿ. ಅವರ ವಿಷಯದಲ್ಲಿ ನಮ್ಮಪ್ಪ ಹೇಳುವುದೇ ಸರಿ.

ಕೊನೆಯ ಪೇಪರ್ ಆದ ಮಾರನೇ ದಿನವೇ ಮ್ಯಾಚ್ ಇದ್ದರೆ?

ಆಡಿ, ಆದರೆ ಅರ್ಧ. ಕೋಚ್‌ಗೆ ಮೊದಲೇ ಹೇಳಿ, 45 ನಿಮಿಷ ಅಂತ. ಎರಡು ಮೂರು ವಾರ 1,155ರಲ್ಲಿ ಇದ್ದ ದೇಹಕ್ಕೆ ಒಂದೇ ಸಲ 2,930 ಹೊರಿಸಬಾರದು. ನಾನು ಬರೆದುಕೊಂಡಿರುವುದು ಮೊದಲ ವಾರ 1,700, ಎರಡನೆಯದು 2,300, ಮೂರನೇ ವಾರಕ್ಕೆ ಹಳೆಯ ಲೆಕ್ಕ. ಆ ಮೊದಲ ವಾರದಲ್ಲಿ ಕ್ಲಬ್ಬಿನ ಅಣ್ಣಂದಿರು "ಏನೋ, ಪುಸ್ತಕ ಓದಿ ಓದಿ ಕಾಲು ಸೋತಿತಾ?" ಅಂತ ರೇಗಿಸುತ್ತಾರೆ. ರೇಗಿಸಲಿ, ನಾನು ಬೆಂಚಿನಲ್ಲಿ ಕೂತು ಎರಡನೇ ಹಾಫ್ ನೋಡುತ್ತೇನೆ.